ತಿರುವಿಗೆ ಮೊದಲೇ ಮುಗಿಯಬೇಕಾದ ಬ್ರೇಕು

(ಮಳೆಗಾಲಕ್ಕೆ ಮುಂಚೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಸರಕು ವಾಹನಗಳ ಚಾಲಕರು ಸೇರಿದ್ದ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ದಾರಿಯಲ್ಲಾಗಲಿ, ಬದಿಯಡ್ಕ ಪೆರ್ಲಗಳನ್ನು ದಾಟಿ ಅಡ್ಯನಡ್ಕದ ಕಡೆಗೆ ಸಾಗುವ ದಾರಿಯಲ್ಲಾಗಲಿ ವಾಹನ ನಡೆಸುವ ನಮಗೆಲ್ಲ ಎರಡು ಮಲೆಯಾಳ ಮಾತುಗಳು ಓದಲು ಬಾರದಿದ್ದರೂ ಅರ್ಥವಾಗುತ್ತವೆ. ಒಂದು ‘ಅಪಕಟ ವಳವ್’, ಇನ್ನೊಂದು ‘ವೇಗತ ಕುರಯ್ಕುಕ’. ಇದು ಅಪಾಯದ ತಿರುವು, ವೇಗ ಕಡಿಮೆ ಮಾಡಿರಿ ಎಂದು ಫಲಕ ಹೇಳುತ್ತದೆ. ಹೇಳಬೇಕಾದ ಇನ್ನೆರಡು ಮಾತುಗಳಿಗೆ ಫಲಕದಲ್ಲಿ ಜಾಗವಿಲ್ಲ. ಕಡಿಮೆ ಮಾಡುವ ಕೆಲಸ ಎಲ್ಲಿಗೆ ಮುಗಿದಿರಬೇಕು ಎಂಬುದು ಮೊದಲನೆಯದು. ಬೆಳಗ್ಗೆ ಖಾಲಿ ಗಾಡಿಯಲ್ಲಿ ಸಲೀಸಾಗಿ ದಾಟಿದ ಅದೇ ತಿರುವನ್ನು ಸಂಜೆ ಲೋಡು ಹೇರಿಕೊಂಡು ಬರುವಾಗ ಅದೇ ವೇಗದಲ್ಲಿ ಏಕೆ ದಾಟಲಾಗದು ಎಂಬುದು ಎರಡನೆಯದು. ಈ ಹೊತ್ತು ನಾನು ಮಾತನಾಡುವುದು ಇವೆರಡರ ಬಗ್ಗೆ ಮಾತ್ರ.

ಮಾತಿಗೆ ಆಧಾರವಾಗಿ ಒಂದೇ ಒಂದು ತಿರುವನ್ನು ಹಿಡಿದುಕೊಳ್ಳೋಣ. ಅದು ಪಯಸ್ವಿನಿ ಹೊಳೆಯ ಕಡೆಗೆ ಇಳಿಯುವ ಯಾವುದೋ ಒಳದಾರಿಯಲ್ಲಿದೆ ಎಂದಿಟ್ಟುಕೊಳ್ಳಿ. ರಸ್ತೆಯ ಆ ಬಾಗನ್ನು ಪೂರ್ಣ ವೃತ್ತವಾಗಿ ಎಳೆದರೆ ಅದರ ತ್ರಿಜ್ಯ 25 ಮೀಟರ್ ಆಗುತ್ತದೆ. ಅಂದರೆ ಸಾಮಾನ್ಯವಾದ ಒಂದು ಇಕ್ಕಟ್ಟಿನ ತಿರುವು, ಹೇರ್‌ಪಿನ್ ಅಲ್ಲ. ಅದಕ್ಕೆ ಮೊದಲು ನೂರಕ್ಕೆ ಎಂಟರ ಇಳಿಜಾರು ಇದೆ, ಎಂದರೆ ನೂರು ಮೀಟರ್ ಮುಂದೆ ಹೋದಾಗ ಎಂಟು ಮೀಟರ್ ಕೆಳಗೆ ಇಳಿದಿರುತ್ತೇವೆ.

ಚಲಿಸುತ್ತಿರುವ ವಾಹನಕ್ಕೆ ತಾನಾಗಿ ತಿರುಗುವ ಸ್ವಭಾವವಿಲ್ಲ, ಅದು ನೇರವಾಗಿಯೇ ಹೋಗುತ್ತದೆ. ಅದನ್ನು ತಿರುವಿನ ಒಳಗಡೆಗೆ ಎಳೆದು ತರುವುದು ರಸ್ತೆಯನ್ನು ಮುಟ್ಟಿಕೊಂಡಿರುವ ಟಯರಿನ ಹಿಡಿತ. ಒಂದೊಂದು ಟಯರು ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ ಅಂಗೈಯಷ್ಟೇ. ಹೀಗೆ ಎಳೆಯಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ನಮ್ಮ 25 ಮೀಟರ್ ತಿರುವಿನಲ್ಲಿ ಗಂಟೆಗೆ 25 ಕಿಲೊಮೀಟರ್ ವೇಗದಲ್ಲಿ ಹೋದರೆ ವಾಹನದ ತೂಕದ ಶೇಕಡಾ 20ರಷ್ಟು ಬಲ ಅಡ್ಡಕ್ಕೆ ಬೇಕು. 40ರಲ್ಲಿ ಅದು ಶೇಕಡಾ 50 ಆಗುತ್ತದೆ, 50ರಲ್ಲಿ ಶೇಕಡಾ 79ಕ್ಕೆ ಹೋಗುತ್ತದೆ. ಒಳ್ಳೆಯ ಟಯರಿಗೆ ಒಣಗಿದ ಡಾಮರಿನ ಮೇಲೆ ಸಿಗುವ ಹಿಡಿತ ತೂಕದ ಶೇಕಡಾ 70ರ ಆಸುಪಾಸಿನಲ್ಲಿರುತ್ತದೆ, ಒದ್ದೆ ರಸ್ತೆಯಲ್ಲಿ 40ರ ಹತ್ತಿರ ಎಂದು ಎಣಿಸಿದರೆ ಸಾಕು. ಮೊದಲ ಮಳೆಗೆ ಎಣ್ಣೆ, ಧೂಳು ಕಲಸಿಕೊಂಡಾಗ ಅಥವಾ ಗುಡ್ಡದ ಕೆಂಪು ಮಣ್ಣು ಹರಿದು ಬಂದು ರಸ್ತೆಗೆ ಹಾಸಿಕೊಂಡಾಗ ಅದು ಇನ್ನೂ ಕೆಳಗೆ ಇಳಿಯುತ್ತದೆ. ಆದ್ದರಿಂದ ಈ ತಿರುವಿನಲ್ಲಿ ಟಯರು ಕೈಬಿಡುವ ವೇಗ ಒಣ ರಸ್ತೆಯಲ್ಲಿ ಸುಮಾರು 47, ಒದ್ದೆ ರಸ್ತೆಯಲ್ಲಿ ಸುಮಾರು 36.

ರಸ್ತೆ ಕಟ್ಟುವವರು ಲೆಕ್ಕ ಹಾಕುವುದು ಇದಕ್ಕಿಂತ ಬಹಳ ಬಿಗಿಯಾಗಿ. ದೇಶದ ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕ್ರಮದಲ್ಲಿ ಅಡ್ಡ ಹಿಡಿತವನ್ನು 0.15 ಎಂದಷ್ಟೇ ಹಿಡಿಯುತ್ತಾರೆ. ತಿರುವಿನ ಹೊರ ಅಂಚನ್ನು ಎತ್ತರಿಸಿ ಕೊಡುವ ಓರೆಯನ್ನು ಬಯಲು ಮತ್ತು ಸಣ್ಣ ಗುಡ್ಡಗಳ ಪ್ರದೇಶದಲ್ಲಿ ಗರಿಷ್ಠ 0.07ಕ್ಕೆ ನಿಲ್ಲಿಸುತ್ತಾರೆ. ಸೂತ್ರ ಇಷ್ಟೇ:

V² = 127 × R × (e + f)

ಇಲ್ಲಿ V ಎಂದರೆ ಗಂಟೆಗೆ ಕಿಲೊಮೀಟರಿನಲ್ಲಿ ವೇಗ, R ಎಂದರೆ ಮೀಟರಿನಲ್ಲಿ ತ್ರಿಜ್ಯ, e ಎಂದರೆ ರಸ್ತೆಯ ಓರೆ, f ಎಂದರೆ ಅಡ್ಡ ಹಿಡಿತ. 25 ಮೀಟರಿಗೆ ಈ ಲೆಕ್ಕ ಹಾಕಿದರೆ ಬರುವ ಉತ್ತರ 26 ಕಿಲೊಮೀಟರ್. ಹೊರ ಅಂಚನ್ನು ಸರಿಯಾಗಿ ಎತ್ತರಿಸಿದ ರಸ್ತೆಯಲ್ಲಿ ಸಹ ಎಂಜಿನಿಯರನ ಮನಸ್ಸಿನಲ್ಲಿರುವ ವೇಗ ಇದು. ನಮ್ಮ ಹಳೆಯ ಒಳದಾರಿಗಳು ಎತ್ತಿನ ಗಾಡಿಯ ಜಾಡಿನ ಮೇಲೆಯೇ ಡಾಮರು ಕಂಡವು. ಅಲ್ಲಿ ಓರೆ ಕೆಲವು ಕಡೆ ತಿರುಗುಮುರುಗಾಗಿಯೂ ಇರುತ್ತದೆ, ಅಂದರೆ ನೀರು ಹೊರಬದಿಯ ಚರಂಡಿಗೆ ಹರಿಯುವಂತೆ ರಸ್ತೆ ಹೊರಕ್ಕೆ ವಾಲಿರುತ್ತದೆ. ಹಾಗಿದ್ದಲ್ಲಿ ಓರೆ ನಮಗೆ ಸಹಾಯಕ್ಕೆ ಬರುವ ಬದಲು ಹಿಡಿತದಿಂದಲೇ ಕಳೆಯುತ್ತದೆ.

ಇನ್ನು ಬ್ರೇಕಿನ ವಿಷಯ. ಟಯರಿಗೆ ಅಡ್ಡಕ್ಕೆ ಎಳೆಯಲು ಒಂದು ಹಿಡಿತ, ನಿಲ್ಲಿಸಲು ಇನ್ನೊಂದು ಹಿಡಿತ ಎಂದು ಎರಡು ಗಂಟುಗಳಿಲ್ಲ. ಇರುವುದು ಒಂದೇ ಗಂಟು. ತಿರುಗಲು ಖರ್ಚಾದ ಮೇಲೆ ಉಳಿದದ್ದು ಮಾತ್ರ ಬ್ರೇಕಿಗೆ ಸಿಗುತ್ತದೆ. ಆದರೆ ಈ ಖರ್ಚಿನ ಲೆಕ್ಕ ಸಾಮಾನ್ಯ ಕಳೆಯುವ ಲೆಕ್ಕವಲ್ಲ. ಎರಡು ಬಲಗಳು ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿರುವುದರಿಂದ ಶಾಲೆಯಲ್ಲಿ ಕಲಿತ ಮೂರು, ನಾಲ್ಕು, ಐದರ ತ್ರಿಕೋನ ಇಲ್ಲಿ ಕೆಲಸ ಮಾಡುತ್ತದೆ: ಐದು ಪಾಲು ಹಿಡಿತದಲ್ಲಿ ನಾಲ್ಕು ಪಾಲು ತಿರುಗಲು ಹೋದರೂ ಬ್ರೇಕಿಗೆ ಒಂದಲ್ಲ, ಮೂರು ಪಾಲು ಉಳಿಯುತ್ತದೆ. ನಮ್ಮನ್ನು ಮೋಸಗೊಳಿಸುವುದು ಈ ಔದಾರ್ಯವೇ. ಒಣ ರಸ್ತೆಯಲ್ಲಿ ಈ ತಿರುವನ್ನು 40ರಲ್ಲಿ ತಿರುಗುತ್ತಿರುವಾಗ ಬ್ರೇಕ್ ತುಳಿದರೆ ಏನೂ ಆಗುವುದಿಲ್ಲ, ಏಕೆಂದರೆ ಸಾಕಷ್ಟು ಉಳಿದಿರುತ್ತದೆ. ವರ್ಷಗಟ್ಟಲೆ ಹೀಗೆ ತುಳಿದು ಅಭ್ಯಾಸವಾದ ಕಾಲು ಜೂನ್ ತಿಂಗಳಿನಲ್ಲಿಯೂ ಅದನ್ನೇ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ 35ರಲ್ಲಿ ತಿರುಗುತ್ತಿದ್ದರೆ ಒಟ್ಟು ಹಿಡಿತದ ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಬ್ರೇಕಿಗೆ ಉಳಿದಿರುತ್ತದೆ. ಮಿತಿಯ ಹತ್ತಿರ ಬಂದಾಗ ಉಳಿತಾಯ ಮೆಲ್ಲನೆ ಕರಗುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ.

ಉಳಿದದ್ದಕ್ಕಿಂತ ಹೆಚ್ಚು ಕೇಳಿದಾಗ ಏನಾಗುತ್ತದೆ ಎಂಬುದು ಯಾವ ಚಕ್ರ ಮೊದಲು ಸೋಲುತ್ತದೆ ಎಂಬುದರ ಮೇಲೆ ಹೋಗುತ್ತದೆ. ಬ್ರೇಕ್ ಹಿಡಿದಾಗ ವಾಹನದ ಭಾರ ಮುಂದಕ್ಕೆ ಬಾಗುತ್ತದೆ, ಇಳಿಜಾರಿನಲ್ಲಂತೂ ಅದು ಮೊದಲೇ ಅರೆಬಾಗಿ ನಿಂತಿರುತ್ತದೆ. ಹಿಂದಿನ ಚಕ್ರಗಳು ಹಗುರಾಗುತ್ತವೆ. ಖಾಲಿ ಪಿಕ್‌ಅಪ್ಪಿನ ಹಿಂಭಾಗ ಹೇಗೂ ಹಗುರ. ಅಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡರೆ ಬಾಲ ಹೊರಕ್ಕೆ ಸರಿದು ಗಾಡಿ ಅಡ್ಡಲಾಗುತ್ತದೆ. ಮುಂದಿನ ಚಕ್ರಗಳೇ ಕಚ್ಚಿಕೊಂಡರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿ ಹೋಗುತ್ತದೆ, ಏಕೆಂದರೆ ಉರುಳದೆ ಜಾರುವ ಚಕ್ರಕ್ಕೆ ದಿಕ್ಕು ತೋರಿಸುವ ಶಕ್ತಿ ಇರುವುದಿಲ್ಲ. ಎಬಿಎಸ್ ಇರುವ ವಾಹನಗಳಲ್ಲಿ ಚಕ್ರ ಕಚ್ಚಿಕೊಳ್ಳುವುದು ತಪ್ಪುತ್ತದೆ, ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ. ಅಷ್ಟಕ್ಕೇ ಗಂಟು ದೊಡ್ಡದಾಗುವುದಿಲ್ಲ.

ಹೀಗಾಗಿ ಬ್ರೇಕಿನ ಕೆಲಸ ರಸ್ತೆ ನೇರವಾಗಿರುವಾಗಲೇ ಮುಗಿಯಬೇಕು. ಅದಕ್ಕೆ ಎಷ್ಟು ದೂರ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 50ರಲ್ಲಿ ಬರುತ್ತಿದ್ದೇವೆ, 25ಕ್ಕೆ ಇಳಿಸಬೇಕು. ಹಿಂದೆ ಕುಳಿತವರು ಮುಗ್ಗರಿಸದಂತೆ, ಲೋಡು ಸರಿಯದಂತೆ ಹದವಾಗಿ ಬ್ರೇಕ್ ಹಿಡಿದರೆ ಸಮತಟ್ಟಿನಲ್ಲಿ ಇದಕ್ಕೆ ಸುಮಾರು 29 ಮೀಟರ್ ಸಾಕು. ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಬರಲು ಒಂದು ಸೆಕೆಂಡ್ ಹಿಡಿದರೆ ಆ ಹೊತ್ತಿಗೆ 14 ಮೀಟರ್ ಹೋಗಿರುತ್ತದೆ. ನಮ್ಮದು ನೂರಕ್ಕೆ ಎಂಟರ ಇಳಿಜಾರು. ಅಷ್ಟೇ ಒತ್ತಿ ಬ್ರೇಕ್ ಹಿಡಿದರೂ ಅದರಲ್ಲಿ ಮೂರನೇ ಒಂದು ಪಾಲು ಗಾಡಿಯನ್ನು ಕೆಳಕ್ಕೆ ಎಳೆಯುವ ಇಳಿಜಾರಿನ ಜೊತೆ ಜಗ್ಗಾಡಲೇ ಹೋಗುತ್ತದೆ, 29 ಮೀಟರ್ 42 ಆಗುತ್ತದೆ. ಎಲ್ಲ ಸೇರಿ 56 ಮೀಟರ್. ದೊಡ್ಡ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಐದು ಬಸ್ಸಿನ ಉದ್ದ. ಇದಕ್ಕೆ ನಾನು ಒಂದು ಬಸ್ಸನ್ನು ಸೇರಿಸಿಯೇ ಎಣಿಸುವವನು, ಏಕೆಂದರೆ ತಿರುವು ಆರಂಭವಾಗುವ ಜಾಗವನ್ನು ಕಣ್ಣು ಯಾವಾಗಲೂ ಸ್ವಲ್ಪ ದೂರವೆಂದೇ ತಿಳಿಯುತ್ತದೆ.

ಗೇರು ಇಳಿಸುವುದೂ ಈ ಐದಾರು ಬಸ್ಸಿನ ಉದ್ದದ ಒಳಗೆಯೇ ಆಗಬೇಕು. ಬಾಗಿನ ನಡುವೆ ಕ್ಲಚ್ಚು ತುಳಿದರೆ ಆ ಕ್ಷಣ ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಬಿಟ್ಟಾಗ ಹಿಂದಿನ ಚಕ್ರಕ್ಕೆ ಒಂದು ಜಗ್ಗು ಬೀಳುತ್ತದೆ. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲಿನಲ್ಲಿ ಇಳಿಯುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಗೆ ಇಳಿದು ಬಂದವರ ಬ್ರೇಕು ಕೊನೆಯ ತಿರುವಿಗೆ ಮುಟ್ಟುವಾಗ ಕಾದು ವಾಸನೆ ಹಾಕುತ್ತಿರುತ್ತದೆ, ಕಾದ ಬ್ರೇಕಿಗೆ ನಾನು ಹೇಳಿದ 42 ಮೀಟರ್ ಸಾಕಾಗುವುದಿಲ್ಲ. ಯಾವ ಗೇರಿನಲ್ಲಿ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದ ಮಾತು ಇಂದಿಗೂ ಹೆಚ್ಚುಕಡಿಮೆ ಸರಿಯೇ. ವೇಗ ಇಳಿಸಿ, ಗೇರು ಬದಲಿಸಿ, ಕಾಲನ್ನು ಬ್ರೇಕಿನಿಂದ ತೆಗೆದು ಆಮೇಲೆ ಸ್ಟೇರಿಂಗ್ ತಿರುಗಿಸಿದವನಿಗೆ ಬಾಗಿನೊಳಗೆ ಹಿಡಿತದ ಇಡೀ ಗಂಟು ತಿರುಗುವುದಕ್ಕೇ ಸಿಗುತ್ತದೆ. ತಿರುವಿನ ಆಚೆಯ ನೇರ ರಸ್ತೆ ಕಾಣಿಸಿದ ಮೇಲೆ ಆಕ್ಸಿಲರೇಟರನ್ನು ಮೆಲ್ಲನೆ ಒತ್ತಬಹುದು, ಅದಕ್ಕೆ ಮೊದಲಲ್ಲ.

ಇಷ್ಟರವರೆಗೆ ಹೇಳಿದ್ದು ಜಾರುವ ಕಥೆ. ಲೋಡು ಬಂದಾಗ ಕಥೆಯೇ ಬೇರೆಯಾಗುತ್ತದೆ. ಮೊದಲು ಒಂದು ನಂಬಿಕೆಯನ್ನು ಪರೀಕ್ಷಿಸಬೇಕು. ಲೋಡು ಇದ್ದರೆ ಗಾಡಿ ರಸ್ತೆಗೆ ‘ಕೂರುತ್ತದೆ’, ಆದ್ದರಿಂದ ತಿರುವಿನಲ್ಲಿ ಖಾಲಿ ಗಾಡಿಗಿಂತ ಲೋಡಿನ ಗಾಡಿಯೇ ಭದ್ರ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ತೂಕ ಹೆಚ್ಚಾದರೆ ಟಯರು ರಸ್ತೆಗೆ ಹೆಚ್ಚು ಒತ್ತಿಕೊಳ್ಳುತ್ತದೆ, ಹಿಡಿತವೂ ಹೆಚ್ಚುತ್ತದೆ. ಆದರೆ ಹೆಚ್ಚಿದ ತೂಕವನ್ನು ಒಳಕ್ಕೆ ಎಳೆದು ತಿರುಗಿಸಲು ಬೇಕಾದ ಬಲವೂ ಅಷ್ಟೇ ಪಾಲು ಹೆಚ್ಚುತ್ತದೆ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಜಾರುವ ವೇಗ ಖಾಲಿ ಗಾಡಿಗೂ ಲೋಡಿನ ಗಾಡಿಗೂ ಹೆಚ್ಚುಕಡಿಮೆ ಒಂದೇ. ಗಾಡಿ ಕೂತಂತೆ ಅನ್ನಿಸುವುದು ಸ್ಪ್ರಿಂಗ್ ಪ್ಲೇಟುಗಳು ಅದುಮಿಕೊಂಡು ಕುಲುಕಾಟ ಕಡಿಮೆಯಾದದ್ದರಿಂದ. ಆ ನೆಮ್ಮದಿ ಸೀಟಿಗೆ ಸಂಬಂಧಿಸಿದ್ದು, ರಸ್ತೆಗೆ ಸಂಬಂಧಿಸಿದ್ದಲ್ಲ.

ಲೋಡಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಮೊದಲು ಎತ್ತರ. ಸಭೆಯಲ್ಲಿ ನಾನು ಒಂದು ಹಲಗೆ ಮತ್ತು ಒಂದು ಇಟ್ಟಿಗೆಯನ್ನು ತಂದಿದ್ದೆ. ಇಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿ ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತುತ್ತಾ ಹೋದಾಗ ಒಂದು ಹಂತದಲ್ಲಿ ಅದು ಜಾರಿ ಕೆಳಗೆ ಬಂತು. ಅದೇ ಇಟ್ಟಿಗೆಯನ್ನು ಅದೇ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ಎತ್ತಿದಾಗ ಜಾರುವ ಹಂತ ಬರುವ ಮೊದಲೇ ಅದು ಮಗುಚಿ ಬಿತ್ತು. ತೂಕ ಅದೇ, ಹಲಗೆ ಅದೇ, ಹಿಡಿತವೂ ಅದೇ. ಮಲಗಿಸಿದ ಇಟ್ಟಿಗೆ ಜಾರುವ ವಸ್ತು, ನಿಲ್ಲಿಸಿದ ಇಟ್ಟಿಗೆ ಮಗುಚುವ ವಸ್ತು. ಯಾವುದು ಮೊದಲು ಎಂಬುದನ್ನು ನಿರ್ಧರಿಸುವುದು ಬುಡದ ಅಗಲದ ಅರ್ಧಕ್ಕೂ ಭಾರದ ಕೇಂದ್ರವು ನೆಲದಿಂದ ಇರುವ ಎತ್ತರಕ್ಕೂ ಇರುವ ಅನುಪಾತ. ಅನುಪಾತ ಹಿಡಿತಕ್ಕಿಂತ ದೊಡ್ಡದಾಗಿದ್ದರೆ ಗಾಡಿ ಮೊದಲು ಜಾರುತ್ತದೆ, ಚಿಕ್ಕದಾಗಿದ್ದರೆ ಮೊದಲು ಮಗುಚುತ್ತದೆ.

ಈಗ ಇಟ್ಟಿಗೆಯ ಜಾಗಕ್ಕೆ ಒಂದು ಪಿಕ್‌ಅಪ್ ತರೋಣ. ಎಡಬಲ ಚಕ್ರಗಳ ನಡುವಿನ ಅಗಲ 1.4 ಮೀಟರ್, ಖಾಲಿ ತೂಕ 1,600 ಕಿಲೊ, ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿ, ಲೋಡು ಹಾಕುವ ಬಾಡಿಯ ಹಲಗೆ 80 ಸೆಂಟಿಮೀಟರ್ ಎತ್ತರದಲ್ಲಿ. ಇದು ಲೆಕ್ಕಕ್ಕಾಗಿ ನಾನು ಕಟ್ಟಿದ ಗಾಡಿ. ನಿಮ್ಮ ಗಾಡಿಯ ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು. ಇದಕ್ಕೆ ಒಂದು ದಿನ 1,200 ಕಿಲೊ ಕೆಂಪುಕಲ್ಲು ಹೇರುತ್ತೇವೆ. ಕಲ್ಲು ಭಾರವಾದ ವಸ್ತುವಾದ್ದರಿಂದ ಒಂದೇ ವರಸೆಯಲ್ಲಿ ಬಾಡಿಯ ತಳದಲ್ಲೇ ಹಾಸಿಕೊಂಡು ಮುಗಿಯುತ್ತದೆ, ಒಂದು ಗೇಣಿಗಿಂತ ಮೇಲೆ ಬರುವುದಿಲ್ಲ. ಇನ್ನೊಂದು ದಿನ ಅದೇ 1,200 ಕಿಲೊ ತೂಕಕ್ಕೆ ಸಿಪ್ಪೆ ಸುಲಿಯದ ಸಾವಿರ ತೆಂಗಿನಕಾಯಿ ತುಂಬುತ್ತೇವೆ. ಕಾಯಿಗೆ ಜಾಗ ಬೇಕು. ಬದಿಗೆ ಹಲಗೆ ಕಟ್ಟಿ ರಾಶಿ ಹಾಕಿದರೆ ಅದು ಬಾಡಿಯಿಂದ 1.4 ಮೀಟರ್ ಮೇಲಕ್ಕೆ ನಿಲ್ಲುತ್ತದೆ. ತೂಕದ ಚೀಟಿಯಲ್ಲಿ ಎರಡೂ ಒಂದೇ.

ಕಲ್ಲಿನ ದಿನ ಗಾಡಿ ಮತ್ತು ಲೋಡು ಸೇರಿದ ಭಾರದ ಕೇಂದ್ರ ಸುಮಾರು 76 ಸೆಂಟಿಮೀಟರಿಗೆ ಏರುತ್ತದೆ. ಕಾಯಿಯ ದಿನ ಅದು ಒಂದು ಮೀಟರನ್ನು ದಾಟುತ್ತದೆ. ಅಗಲದ ಅರ್ಧವಾದ 70 ಸೆಂಟಿಮೀಟರನ್ನು ಇವುಗಳಿಂದ ಭಾಗಿಸಿದರೆ ಕಲ್ಲಿಗೆ 0.92, ಕಾಯಿಗೆ 0.69 ಬರುತ್ತದೆ. ಆದರೆ ಗಾಡಿ ಇಟ್ಟಿಗೆಯ ಹಾಗೆ ಗಟ್ಟಿ ವಸ್ತುವಲ್ಲ. ತಿರುವಿನಲ್ಲಿ ಪ್ಲೇಟುಗಳು ಹೊರಬದಿಯಲ್ಲಿ ಅದುಮಿಕೊಂಡು ಬಾಡಿ ಹೊರಕ್ಕೆ ವಾಲುತ್ತದೆ, ಟಯರು ಅದುಮಿಕೊಳ್ಳುತ್ತದೆ, ಭಾರದ ಕೇಂದ್ರವೂ ಹೊರಕ್ಕೆ ಸರಿಯುತ್ತದೆ. ಇದಕ್ಕಾಗಿ ಐದನೇ ಒಂದು ಪಾಲನ್ನು ಕಳೆದಿದ್ದೇನೆ. ಪ್ಲೇಟು ಸೋತ ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಕಳೆಯಬೇಕಾದೀತು. ಕೊನೆಗೆ ಉಳಿಯುವುದು ಕಲ್ಲಿಗೆ ತೂಕದ ಶೇಕಡಾ 74, ಕಾಯಿಗೆ ಶೇಕಡಾ 55.

ಇದನ್ನು ಒಣ ರಸ್ತೆಯ ಹಿಡಿತವಾದ ಶೇಕಡಾ 70ರ ಪಕ್ಕದಲ್ಲಿಟ್ಟು ನೋಡಿ. ಕಲ್ಲಿನ ಗಾಡಿ ಮಲಗಿಸಿದ ಇಟ್ಟಿಗೆ: ಮಗುಚುವ ಮೊದಲು, 47ರ ಸುಮಾರಿಗೆ, ಜಾರುತ್ತದೆ. ಕಾಯಿಯ ಗಾಡಿ ನಿಲ್ಲಿಸಿದ ಇಟ್ಟಿಗೆ: ಟಯರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿರುವಾಗಲೇ, 42 ಕಿಲೊಮೀಟರ್ ವೇಗದಲ್ಲಿ, ಒಳಬದಿಯ ಚಕ್ರಗಳು ನೆಲ ಬಿಡುತ್ತವೆ. ಒಳ್ಳೆಯ ಟಯರು, ಒಳ್ಳೆಯ ಡಾಮರು ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಹಿಡಿತ ಒಳ್ಳೆಯದಿದ್ದಷ್ಟೂ ಗಾಡಿ ಜಾರಿ ತಪ್ಪಿಸಿಕೊಳ್ಳಲಾಗದೆ ಮಗುಚಿಯೇ ತೀರುತ್ತದೆ. ಬೇಸಗೆಯ ಒಣ ರಸ್ತೆಯಲ್ಲಿ, ಹೊಸ ಟಯರಿನ ಗಾಡಿ ಮಗುಚಿ ಬಿದ್ದಾಗ ‘ಇದು ಹೇಗಾಯಿತು’ ಎಂದು ಜನ ಆಶ್ಚರ್ಯಪಡುವುದಕ್ಕೆ ಉತ್ತರ ಇಲ್ಲಿದೆ.

42 ಎಂಬುದು ರಸ್ತೆ ನುಣುಪಾಗಿ, ಸ್ಟೇರಿಂಗ್ ಒಂದೇ ಹದದಲ್ಲಿದ್ದಾಗಿನ ಅಂಕಿ. ನಿಜವಾದ ತಿರುವಿನಲ್ಲಿ ಅದು ಕೆಳಗೆ ಇಳಿಯುವ ದಾರಿಗಳೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ತಡವಾಗಿ ತಿರುಗಿಸುವುದು. ಬ್ರೇಕ್ ಹಿಡಿಯುತ್ತಲೇ ಬಾಗಿನೊಳಗೆ ಬಂದವನು ಸ್ವಲ್ಪ ಹೊತ್ತು ನೇರವಾಗಿ ಹೋಗಿ, ಎದುರು ಬದಿ ಹತ್ತಿರ ಬಂದದ್ದನ್ನು ಕಂಡು ಸ್ಟೇರಿಂಗನ್ನು ಒಮ್ಮೆಲೇ ಎಳೆಯುತ್ತಾನೆ. ಆ ಕ್ಷಣ ರಸ್ತೆ 25 ಮೀಟರಿನದೇ ಆಗಿದ್ದರೂ ಅವನ ಚಕ್ರಗಳು ಎಳೆಯುವ ಬಾಗು 18 ಮೀಟರಿಗೆ ಇಳಿದಿರುತ್ತದೆ. 18 ಮೀಟರಿಗೆ ಕಾಯಿಯ ಗಾಡಿ ಮಗುಚುವ ವೇಗ 35. ಬ್ರೇಕು ತಡವಾದದ್ದಕ್ಕೂ ಗಾಡಿ ಮಗುಚಿದ್ದಕ್ಕೂ ಇರುವ ನಿಜವಾದ ಕೊಂಡಿ ಇದು: ಬ್ರೇಕು ಮಗುಚಿಸುವುದಿಲ್ಲ, ತಡವಾದ ಬ್ರೇಕು ಸ್ಟೇರಿಂಗನ್ನು ತಡ ಮಾಡುತ್ತದೆ, ತಡವಾದ ಸ್ಟೇರಿಂಗ್ ತಿರುವನ್ನು ಇಕ್ಕಟ್ಟು ಮಾಡುತ್ತದೆ.

ಎರಡನೆಯದು ಲೋಡು ಸರಿಯುವುದು. ಬಿಡಿಬಿಡಿಯಾದ ತೆಂಗಿನಕಾಯಿ ಹೊರಬದಿಗೆ ಉರುಳಿ ರಾಶಿಯ ನಡು ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್, ಸರಿದರೂ 42 ಎಂಬುದು 40 ಆಗುತ್ತದೆ. ಎರಡೇ ಕಿಲೊಮೀಟರ್ ಎಂದು ತೋರಬಹುದು. ಆದರೆ ಸರಿದ ಕಾಯಿ ಮುಂದಿನ ತಿರುವಿಗೆ ತಾನಾಗಿ ಹಿಂದೆ ಬರುವುದಿಲ್ಲ. ಮೇಲಿನಿಂದ ಹಗ್ಗ ಬಿಗಿದದ್ದು ಕಾಯಿ ಹಾರಿ ಬೀಳದಂತೆ ತಡೆಯುತ್ತದೆ, ಒಳಗೆ ಸರಿಯದಂತೆ ತಡೆಯುವುದಿಲ್ಲ; ಅದಕ್ಕೆ ಗೋಣಿಯಲ್ಲಿ ತುಂಬಿ ಒತ್ತಾಗಿ ಇಡಬೇಕು, ಇಲ್ಲವೇ ರಾಶಿಯ ನಡುವೆ ಉದ್ದಕ್ಕೆ ಒಂದು ಹಲಗೆ ನಿಲ್ಲಿಸಬೇಕು. ಅರ್ಧ ತುಂಬಿದ ನೀರಿನ ಟ್ಯಾಂಕರಿನಲ್ಲಿ ನಡೆಯುವುದೂ ಇದೇ, ಅಲ್ಲಿ ಲೋಡು ಸರಿಯಲು ಕ್ಷಣವೂ ಬೇಡ. ಬಸ್ಸಿನಲ್ಲಿ ನಿಂತವರು ಕೈಪಿಡಿಗೆ ಜೋತುಬಿದ್ದು ಹೊರಕ್ಕೆ ವಾಲುವುದೂ ಅದೇ ಜಾತಿಯದು.

ಮೂರನೆಯದು ನಮ್ಮ ರಸ್ತೆಯ ಅಂಚು. ಮಳೆಗಾಲದಲ್ಲಿ ಡಾಮರಿನ ಬದಿಯ ಮಣ್ಣು ಕೊಚ್ಚಿಹೋಗಿ ಒಂದು ಮೆಟ್ಟಿಲಿನಷ್ಟು ತಗ್ಗು ಉಂಟಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಗಾಡಿಗಳೆಲ್ಲ 36ರ ಸುಮಾರಿಗೆ ಮೊದಲು ಜಾರುತ್ತವೆ ಎಂದೆನಲ್ಲ, ಕಾಯಿಯ ಗಾಡಿಯೂ ಹಾಗೆಯೇ ಜಾರುತ್ತದೆ. ಆದರೆ ಅಡ್ಡಕ್ಕೆ ಜಾರುತ್ತಾ ಹೋದ ಚಕ್ರ ಈ ತಗ್ಗಿಗೋ ಚರಂಡಿಯ ಕಲ್ಲಿಗೋ ತಾಗಿದ ಕೂಡಲೇ ಜಾರುವುದು ನಿಂತು ಮಗುಚುವುದು ಆರಂಭವಾಗುತ್ತದೆ. ಇಟ್ಟಿಗೆ ಜಾರುತ್ತಿರುವಾಗ ಹಲಗೆಯಲ್ಲಿ ಒಂದು ಮೊಳೆ ಎದ್ದಿದ್ದರೆ ಏನಾಗುತ್ತಿತ್ತೋ ಅದೇ.

ಮುನ್ಸೂಚನೆಯ ವಿಷಯದಲ್ಲಿಯೂ ಎರಡು ದಿನಗಳ ನಡುವೆ ವ್ಯತ್ಯಾಸವಿದೆ. ಜಾರುವ ಗಾಡಿ ಹೇಳಿ ಜಾರುತ್ತದೆ: ಟಯರು ಕಿರುಗುಟ್ಟುತ್ತದೆ, ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ, ಎಷ್ಟು ತಿರುಗಿಸಿದರೆ ಎಷ್ಟು ಬರಬೇಕೋ ಅಷ್ಟು ಬರುವುದಿಲ್ಲ. ಮಗುಚುವ ಗಾಡಿ ಟಯರಿನಿಂದ ಏನನ್ನೂ ಹೇಳಿಸುವುದಿಲ್ಲ. ಅದರ ಸೂಚನೆ ಬರುವುದು ಬಾಡಿಯಿಂದ. ನನ್ನ ಪ್ರಾಯದ ಕಾಲದಲ್ಲಿ ಮನೆಯ ಪಿಕ್‌ಅಪ್ಪಿನಲ್ಲಿ ತೆಂಗಿನಕಾಯಿ ಹೇರಿಕೊಂಡು ಬರುವಾಗ ಒಂದು ಎಡ ತಿರುವಿನಲ್ಲಿ, ಯಾವ ಸದ್ದೂ ಇಲ್ಲದೆ, ಎಡಗಡೆಯ ಕನ್ನಡಿಯಲ್ಲಿ ರಸ್ತೆಯ ಬದಲು ಆಕಾಶ ಕಂಡಿತು. ಬಾಡಿ ಅಷ್ಟು ಬಲಕ್ಕೆ ವಾಲಿತ್ತು. ಅದೃಷ್ಟಕ್ಕೆ ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಸ್ಟೇರಿಂಗನ್ನು ಸ್ವಲ್ಪ ಸಡಿಲಿಸಿ ಬಲಬದಿಗೆ ಹೋಗಬಿಟ್ಟಾಗ ಗಾಡಿ ಎದ್ದು ನಿಂತಿತು. ಆಮೇಲೆ ಯೋಚಿಸಿದಾಗ ಅದರ ಹಿಂದಿನ ಎರಡು ತಿರುವುಗಳಲ್ಲಿಯೇ ಅದು ಹೇಳಿತ್ತು ಎಂದು ನೆನಪಾಯಿತು: ವಾಲಿದ ಬಾಡಿ ತಿರುವು ಮುಗಿದ ಮೇಲೂ ಮತ್ತೆ ನೆಟ್ಟಗಾಗಲು ತಡ ಮಾಡುತ್ತಿತ್ತು. ಲೋಡು ಹೇರಿದ ಮೇಲೆ ಬರುವ ಮೊದಲ ಎರಡು ಸಾಧಾರಣ ತಿರುವುಗಳನ್ನು ತೀರಾ ನಿಧಾನವಾಗಿ ದಾಟಿ, ಗಾಡಿ ಎಷ್ಟು ವಾಲುತ್ತದೆ, ಎಷ್ಟು ಬೇಗ ಎದ್ದು ಬರುತ್ತದೆ ಎಂದು ನೋಡಿಕೊಳ್ಳುವುದು ಅಂದಿನಿಂದ ನನ್ನ ಪದ್ಧತಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಅವುಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಜೀಪು ಓಡಿಸುವ ಒಬ್ಬರು ಕೇಳಿದರು: “ಮಾಷ್ಟ್ರೇ, ಎಲ್ಲ ಸರಿ. ಆದರೆ ವೇಗ ಹೆಚ್ಚಾಗಿಯೇ ತಿರುವಿನೊಳಗೆ ಬಂದಾಗಿದೆ ಎಂದಿಟ್ಟುಕೊಳ್ಳಿ. ಆಗ ಬ್ರೇಕ್ ತುಳಿಯಲೇಬಾರದೇ?”

ತುಳಿಯಬಾರದೆಂದಲ್ಲ, ಝಾಡಿಸಿ ತುಳಿಯಬಾರದು. ಮೊದಲು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ಎತ್ತಬೇಕು. ಕ್ಲಚ್ಚು ಮುಟ್ಟಬಾರದು, ಎಂಜಿನ್ನಿನ ತಡೆ ಬೇಕು. ಬ್ರೇಕನ್ನು ಹಗುರವಾಗಿ ಆರಂಭಿಸಿ, ವೇಗ ಇಳಿದಂತೆ ಹಿಡಿತ ಬಿಡುವಾಗುವುದರಿಂದ ಒತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬಹುದು. ಕಣ್ಣು ಚರಂಡಿಯ ಮೇಲಲ್ಲ, ಹೋಗಬೇಕಾದ ಕಡೆಗೆ ಇರಬೇಕು. ಎತ್ತರದ ಲೋಡು ಇದ್ದರೆ, ಎದುರು ರಸ್ತೆ ಖಾಲಿ ಎಂದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ, ಸ್ಟೇರಿಂಗನ್ನು ತುಸು ಬಿಟ್ಟುಕೊಟ್ಟು ಬಾಗನ್ನು ಅಗಲ ಮಾಡಬಹುದು. ಹೊರಬದಿಯ ಚಕ್ರ ಡಾಮರಿನಿಂದ ಕೆಳಗೆ ಇಳಿದುಬಿಟ್ಟರೆ ಅದನ್ನು ಎಳೆದು ಮೇಲೆ ಹತ್ತಿಸಲು ಹೋಗಬಾರದು. ಇಳಿದಂತೆಯೇ ಸಾಗುತ್ತಾ ವೇಗ ಕಳೆದು ಕೊನೆಗೆ ಹತ್ತಿಸಬೇಕು. ಆ ಮೆಟ್ಟಿಲಿಗೆ ಚಕ್ರ ಓರೆಯಾಗಿ ತಾಗುವುದೇ ಹಲಗೆಯ ಮೊಳೆ.

ಇನ್ನೊಂದು ಪ್ರಶ್ನೆ ತೆಂಗಿನಕಾಯಿ ಸಾಗಿಸುವ ಒಬ್ಬ ಯುವಕನದು. ಸಾವಿರದ ಬದಲು ಎಷ್ಟು ಕಾಯಿ ಹಾಕಿದರೆ ಗಾಡಿ ಮಗುಚುವ ಬದಲು ಜಾರುವ ಗಾಡಿಯಾಗುತ್ತದೆ ಎಂದು ಅವನು ಕೇಳಿದ. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಆರುನೂರು ಕಾಯಿಗೆ ರಾಶಿಯ ಎತ್ತರ 84 ಸೆಂಟಿಮೀಟರಿಗೆ ಇಳಿಯುತ್ತದೆ, ಭಾರದ ಕೇಂದ್ರ 83 ಸೆಂಟಿಮೀಟರಿಗೆ ಬರುತ್ತದೆ, ಮಗುಚುವ ಅಂಕಿ ಶೇಕಡಾ 68 ಆಗುತ್ತದೆ. ಒಣ ರಸ್ತೆಯ ಹಿಡಿತಕ್ಕೆ ಅದು ಹೆಚ್ಚುಕಡಿಮೆ ಸಮ.

“ಹಾಗಾದರೆ ಎರಡು ಟ್ರಿಪ್ಪು ಮಾಡಬೇಕಾಯಿತು, ಎರಡನೆಯ ಟ್ರಿಪ್ಪಿನ ಡೀಸೆಲ್ ಯಾರು ಕೊಡುತ್ತಾರೆ ಮಾಷ್ಟ್ರೇ?” ಎಂದು ಅವನು ನಕ್ಕ. ಸಭೆಯೂ ನಕ್ಕಿತು. ಅದಕ್ಕೆ ನನ್ನ ಹಲಗೆಯಲ್ಲಿ ಉತ್ತರವಿರಲಿಲ್ಲ. ಸಾವಿರ ಕಾಯಿಯೇ ಹೇರುವುದಾದರೆ ತಿರುವಿನೊಳಗೆ 25ರ ವೇಗಕ್ಕೆ ಬೇಕಾದ ಅಡ್ಡಬಲ ತೂಕದ ಶೇಕಡಾ 20, ಮಗುಚಲು ಬೇಕಾದದ್ದು 55. ನಡುವೆ ಸಾಕಷ್ಟು ಅಂತರವಿದೆ ಎಂದು ಹೇಳಿದೆ. 40 ಮೀಟರ್ ಉದ್ದದ ಬಾಗನ್ನು 40ರ ಬದಲು 25ರಲ್ಲಿ ದಾಟಿದರೆ ಹೆಚ್ಚಾಗುವುದು ಎರಡು ಸೆಕೆಂಡಿಗಿಂತ ಸ್ವಲ್ಪ ಮೇಲೆ. ಮೊದಲೇ ಬ್ರೇಕ್ ಹಿಡಿದು ಮತ್ತೆ ವೇಗ ಕೂಡಿಸುವ ಹೊತ್ತನ್ನೂ ಸೇರಿಸಿ ಒಂದು ತಿರುವಿಗೆ ಆರು ಸೆಕೆಂಡ್ ಎಂದು ಎಣಿಸಿದರೆ, ಅವನ ದಾರಿಯಲ್ಲಿ ಅವನೇ ಎಣಿಸಿ ಹೇಳಿದ ಮೂವತ್ತು ತಿರುವುಗಳಿಗೆ ಮೂರು ನಿಮಿಷವಾಗುತ್ತದೆ.